ಉಚ್ಚ ಶುಕ್ರನಿದ್ದರೆ ಸಾಕೇ? ನವಾಂಶದಲ್ಲಿ ಮದುವೆಯ ಬಲ ನೋಡುವ ಬಗೆ

ಗಂಡು-ಹೆಣ್ಣಿನ ಜಾತಕಗಳು ಕೈ ಬದಲಾಗುವಾಗ ಆ ಹಾಳೆಯ ಮೇಲೆ ಎರಡು ಚೌಕಗಳಿರುತ್ತವೆ. ಒಂದರ ನಡುವೆ ‘ರಾಶಿ’ ಎಂದು ಬರೆದಿರುತ್ತದೆ, ಇನ್ನೊಂದರ ನಡುವೆ ‘ನವಾಂಶ’ ಎಂದು. ಮನೆಯವರ ಕಣ್ಣೆಲ್ಲ ಮೊದಲನೆಯದರ ಮೇಲೆ. ಏಳನೇ ಮನೆಯಲ್ಲಿ ಯಾರಿದ್ದಾರೆ, ಕುಜ ಎಲ್ಲಿ ಕೂತಿದ್ದಾನೆ, ಸಾಲಾವಳಿ ಎಷ್ಟು ಬಂತು, ಗುರುಬಲ ಯಾವಾಗ ಎಂದು ಕೇಳಿ ಮುಗಿಸುತ್ತಾರೆ. ಎರಡನೇ ಚೌಕ ಅಲ್ಲಿಯೇ ಉಳಿಯುತ್ತದೆ. ಆದರೆ ಮದುವೆಯ ವಿಚಾರಕ್ಕೆಂದೇ ನಮ್ಮ ಜ್ಯೋತಿಷ್ಯ ಗ್ರಂಥಗಳು ಹೇಳಿರುವ ಚಕ್ರ ಅದು. ಪರಾಶರ ಹೋರಾಶಾಸ್ತ್ರ ಒಂದು ಜಾತಕವನ್ನು ಹದಿನಾರು ಬಗೆಯಲ್ಲಿ ವಿಭಾಗಿಸಿ ಒಂದೊಂದಕ್ಕೆ ಒಂದೊಂದು ವಿಷಯ ಹಂಚುತ್ತದೆ. ಅದರಲ್ಲಿ ನವಾಂಶದ ಪಾಲಿಗೆ ಬಂದದ್ದು ಕಳತ್ರ, ಅಂದರೆ ಬಾಳಸಂಗಾತಿ. ಅದೇ ಗ್ರಂಥ ಗ್ರಹಬಲಕ್ಕೆ ಅಂಕ ಕೊಡುವ ಷಡ್ವರ್ಗದ ಲೆಕ್ಕದಲ್ಲಿ ಒಟ್ಟು 20 ಅಂಕಗಳಲ್ಲಿ ರಾಶಿಗೆ 6, ನವಾಂಶಕ್ಕೆ 5 ಕೊಟ್ಟಿದೆ. ಉಳಿದ ನಾಲ್ಕು ವರ್ಗಗಳು ಸೇರಿ ಮಿಕ್ಕ ಒಂಬತ್ತನ್ನು ಹಂಚಿಕೊಳ್ಳುತ್ತವೆ. ರಾಶಿಯ ನಂತರದ ಸ್ಥಾನ ಯಾವುದಕ್ಕೆಂದು ಈ ಅಂಕಗಳೇ ಹೇಳುತ್ತವೆ.

ನವಾಂಶವೆಂದರೆ ಆಕಾಶದ ಇನ್ನೊಂದು ನಕ್ಷೆಯಲ್ಲ. ಈ ಒಂದು ಮಾತು ಸ್ಪಷ್ಟವಾದರೆ ಮುಂದಿನದೆಲ್ಲ ಸಲೀಸು. ಒಂದು ರಾಶಿ 30 ಡಿಗ್ರಿ ಉದ್ದ. ಅದನ್ನು ಒಂಬತ್ತು ಸಮಪಾಲು ಮಾಡಿದರೆ ಒಂದು ಪಾಲು 3 ಡಿಗ್ರಿ 20 ಕಲೆ ಆಗುತ್ತದೆ (60 ಕಲೆಗೆ ಒಂದು ಡಿಗ್ರಿ). ಗ್ರಹ ಆ ಒಂಬತ್ತರಲ್ಲಿ ಯಾವ ಪಾಲಿನಲ್ಲಿದೆ ಎಂದು ನೋಡಿ, ಆ ಪಾಲಿಗೆ ಗೊತ್ತುಮಾಡಿರುವ ರಾಶಿಯಲ್ಲಿ ಅದನ್ನು ಬರೆದರೆ ನವಾಂಶ ಚಕ್ರ ಸಿದ್ಧ. ಊರಿನ ಹೆಸರೊಂದನ್ನೇ ಹೇಳಿದರೆ ಮನೆ ಸಿಗುವುದಿಲ್ಲ, ಬೀದಿಯನ್ನೂ ಹೇಳಬೇಕು. ರಾಶಿ ಊರಾದರೆ ನವಾಂಶ ಬೀದಿ.

ಯಾವ ಪಾಲಿಗೆ ಯಾವ ರಾಶಿ ಎಂಬ ನಿಯಮವೂ ಕಷ್ಟದ್ದಲ್ಲ. ಮೇಷ, ಸಿಂಹ, ಧನು ರಾಶಿಗಳಲ್ಲಿ ಮೊದಲ ಪಾಲು ಮೇಷದ್ದು. ವೃಷಭ, ಕನ್ಯಾ, ಮಕರಗಳಲ್ಲಿ ಎಣಿಕೆ ಮಕರದಿಂದ ಶುರು. ಮಿಥುನ, ತುಲಾ, ಕುಂಭಗಳಿಗೆ ತುಲಾದಿಂದ, ಕಟಕ, ವೃಶ್ಚಿಕ, ಮೀನಗಳಿಗೆ ಕಟಕದಿಂದ. ಅಲ್ಲಿಂದ ಮುಂದಕ್ಕೆ ರಾಶಿಗಳ ಕ್ರಮದಲ್ಲೇ ಒಂಬತ್ತು ಎಣಿಸಿದರಾಯಿತು. ಈ 3 ಡಿಗ್ರಿ 20 ಕಲೆಯ ಪಾಲು ನಮಗೆ ಹೊಸದೂ ಅಲ್ಲ. ನಕ್ಷತ್ರದ ಒಂದು ಪಾದವೆಂದರೆ ಇಷ್ಟೇ. 27 ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದ, ಒಟ್ಟು 108. ಹನ್ನೆರಡು ರಾಶಿಗಳಿಗೆ ಒಂಬತ್ತು ಒಂಬತ್ತು ನವಾಂಶ, ಅದೂ 108. ಹಾಗಾಗಿ ದೇವಸ್ಥಾನದಲ್ಲಿ ಅರ್ಚನೆಗೆ ‘ರೋಹಿಣಿ ನಕ್ಷತ್ರ, ಎರಡನೇ ಪಾದ’ ಎಂದು ಹೇಳಿಸುವವರು ತಮಗೆ ತಿಳಿಯದೆಯೇ ತಮ್ಮ ಚಂದ್ರನ ನವಾಂಶವನ್ನು ಹೇಳುತ್ತಿರುತ್ತಾರೆ. ರೋಹಿಣಿಯ ಎರಡನೇ ಪಾದ ವೃಷಭ ರಾಶಿಯ ಐದನೇ ಪಾಲು. ಮಕರದಿಂದ ಐದು ಎಣಿಸಿದರೆ ಮತ್ತೆ ವೃಷಭಕ್ಕೇ ಬರುತ್ತೇವೆ. ಹೀಗೆ ರಾಶಿಯಲ್ಲೂ ನವಾಂಶದಲ್ಲೂ ಗ್ರಹ ಒಂದೇ ಮನೆಯಲ್ಲಿ ನಿಂತರೆ ಅದಕ್ಕೆ ವರ್ಗೋತ್ತಮ ಎಂದು ಹೆಸರು.

ಇನ್ನು ಮದುವೆಯ ಮಾತಿಗೆ ಬರೋಣ. ಶುಕ್ರ ಕಳತ್ರಕಾರಕ. ಮೀನ ಅವನ ಉಚ್ಚ ರಾಶಿ, ಕನ್ಯಾ ನೀಚ ರಾಶಿ. ‘ಶುಕ್ರ ಉಚ್ಚನಾಗಿದ್ದಾನೆ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಹೆಣ್ಣು ಹೆತ್ತವರ ಅರ್ಧ ಚಿಂತೆ ಇಳಿದುಹೋಗುತ್ತದೆ. ಆದರೆ ಮೀನದ ಒಂಬತ್ತು ಪಾಲುಗಳನ್ನು ಒಮ್ಮೆ ಎಣಿಸಿ ನೋಡಿ. ಕಟಕ, ಸಿಂಹ, ಕನ್ಯಾ ಎಂದು ಎಣಿಕೆ ಸಾಗುತ್ತದೆ. ಅಂದರೆ 6 ಡಿಗ್ರಿ 40 ಕಲೆಯಿಂದ 10 ಡಿಗ್ರಿಯವರೆಗಿನ ಮೂರನೇ ಪಾಲು ಕನ್ಯೆಯದು. ಉತ್ತರಾಭಾದ್ರೆಯ ಎರಡನೇ ಪಾದ ಅದು. ಮೀನದಲ್ಲಿ 8 ಡಿಗ್ರಿಯಲ್ಲಿರುವ ಶುಕ್ರ ರಾಶಿಯಲ್ಲಿ ಉಚ್ಚ, ನವಾಂಶದಲ್ಲಿ ನೀಚ. ಅದೇ ಶುಕ್ರ 27 ಡಿಗ್ರಿಯಲ್ಲಿದ್ದರೆ ಒಂಬತ್ತನೇ ಪಾಲಿಗೆ, ರೇವತಿಯ ನಾಲ್ಕನೇ ಪಾದಕ್ಕೆ ಬರುತ್ತಾನೆ. ಅದು ಮೀನದ್ದೇ ಪಾಲು. ಅಲ್ಲಿ ಅವನು ಎರಡೂ ಚಕ್ರಗಳಲ್ಲಿ ಉಚ್ಚ. ಶುಕ್ರನ ಪರಮೋಚ್ಚ ಬಿಂದುವೆಂದು ಗ್ರಂಥಗಳು ಹೇಳಿರುವುದೂ ಈ 27ನೇ ಡಿಗ್ರಿಯನ್ನೇ. ಎರಡು ಜಾತಕಗಳಲ್ಲೂ ರಾಶಿ ಚಕ್ರದ ಮೀನದ ಮನೆಯಲ್ಲಿ ‘ಶು’ ಎಂಬ ಒಂದೇ ಅಕ್ಷರ ಬರೆದಿರುತ್ತದೆ. ಬಲದಲ್ಲಿ ಮಾತ್ರ ಅಜಗಜಾಂತರ.

ನೀಚ ಶುಕ್ರನ ವಿಷಯವೂ ಹೀಗೆಯೇ, ತಿರುವುಮುರುವಾಗಿ. ಕನ್ಯೆಯಲ್ಲಿ ಎಣಿಕೆ ಮಕರದಿಂದ ಶುರುವಾಗುವುದರಿಂದ ಮೂರನೇ ಪಾಲು ಮೀನದ್ದಾಗುತ್ತದೆ. ಅಲ್ಲಿ 8 ಡಿಗ್ರಿಯಲ್ಲಿರುವ ಶುಕ್ರ ರಾಶಿಯಲ್ಲಿ ನೀಚ, ನವಾಂಶದಲ್ಲಿ ಉಚ್ಚ. ‘ಶುಕ್ರ ನೀಚ, ಸಂಸಾರಸುಖವಿಲ್ಲ’ ಎಂದು ಎಷ್ಟೋ ಜಾತಕಗಳನ್ನು ಪಕ್ಕಕ್ಕಿಡುತ್ತಾರೆ. ಎರಡನೇ ಚೌಕದತ್ತ ಕಣ್ಣು ಹಾಯಿಸಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ. ಕನ್ಯೆಯ 27ನೇ ಡಿಗ್ರಿ ಮಾತ್ರ ಕಷ್ಟದ್ದು. ಅದು ಕನ್ಯೆಯದೇ ಪಾಲು, ಶುಕ್ರ ಅಲ್ಲಿ ನೀಚನಾಗಿಯೇ ವರ್ಗೋತ್ತಮನಾಗುತ್ತಾನೆ. ವರ್ಗೋತ್ತಮವೆಂದ ಕೂಡಲೇ ಒಳ್ಳೆಯದೆಂದು ತಿಳಿಯುವವರು ಈ ಬಿಂದುವನ್ನು ನೆನಪಿಡಬೇಕು. ವರ್ಗೋತ್ತಮ ಗ್ರಹದ ಸ್ವಭಾವವನ್ನು ಗಟ್ಟಿ ಮಾಡುತ್ತದೆ. ಇದ್ದ ಬಲ ಗಟ್ಟಿಯಾಗುವಂತೆ ಇದ್ದ ಕೊರತೆಯೂ ಗಟ್ಟಿಯಾಗುತ್ತದೆ ಎಂದೇ ನಾನು ಓದುತ್ತೇನೆ.

ಹಾಗಾದರೆ ರಾಶಿ ಮತ್ತು ನವಾಂಶ ಒಂದಕ್ಕೊಂದು ವಿರುದ್ಧ ನಿಂತಾಗ ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರ ಕೊಡಲು ಒಂದು ಜಾತಕವನ್ನು ಬಿಡಿಸಿ ನೋಡುವುದೇ ಸರಿ. ಇದು ಯಾರ ಜಾತಕವೂ ಅಲ್ಲ, ವಿವರಣೆಗೆಂದು ಕಟ್ಟಿಕೊಂಡದ್ದು. ಹೆಣ್ಣಿನ ಜಾತಕವೆಂದು ಇಟ್ಟುಕೊಳ್ಳೋಣ. ಲಗ್ನ ಕನ್ಯೆಯಲ್ಲಿ 12 ಡಿಗ್ರಿ 20 ಕಲೆ. ಏಳನೇ ಮನೆ ಮೀನ, ಅದರಲ್ಲಿ ಶುಕ್ರ 8 ಡಿಗ್ರಿಯಲ್ಲಿ. ಏಳನೇ ಮನೆಯ ಒಡೆಯ ಗುರು, ಐದನೇ ಮನೆ ಮಕರದಲ್ಲಿ 21 ಡಿಗ್ರಿಯಲ್ಲಿ.

ರಾಶಿ ಚಕ್ರವನ್ನಷ್ಟೇ ಹಿಡಿದು ಕೂತರೆ ಮಾತು ಹೀಗೆ ಸಾಗುತ್ತದೆ.

“ಏಳರಲ್ಲೇ ಉಚ್ಚ ಶುಕ್ರ ಇದ್ದಾನಂತೆ ಜೋಯಿಸರೇ, ಮಾಲವ್ಯ ಯೋಗ ಅಂತ ಕಂಪ್ಯೂಟರ್ ಜಾತಕದಲ್ಲೂ ಬಂದಿದೆ. ಇನ್ನೇನು ನೋಡೋದಿದೆ?” ಎನ್ನುತ್ತಾರೆ ತಾಯಿ.

“ಯೋಗ ಇದೆಯಮ್ಮ, ಇಲ್ಲ ಅನ್ನಲ್ಲ. ಆದರೆ ಏಳನೇ ಮನೆಯ ಯಜಮಾನ ಗುರು ನೀಚನಾಗಿ ಕೂತಿದ್ದಾನಲ್ಲ, ಅವನನ್ನೂ ಕೇಳಬೇಕು” ಎನ್ನುತ್ತಾರೆ ಜೋಯಿಸರು.

ಇಬ್ಬರ ಮಾತೂ ತಪ್ಪಲ್ಲ. ಕೇಂದ್ರದಲ್ಲಿ ಉಚ್ಚನಾದ ಶುಕ್ರನಿಂದ ಮಾಲವ್ಯ ಯೋಗ ಆಗುವುದು ನಿಜ. ಕನ್ಯಾ ಲಗ್ನಕ್ಕೆ ಶುಕ್ರ ಎರಡು ಮತ್ತು ಒಂಬತ್ತನೇ ಮನೆಗಳ ಒಡೆಯ, ಕುಟುಂಬಕ್ಕೂ ಭಾಗ್ಯಕ್ಕೂ ಅವನೇ ಅಧಿಪತಿ. ಅವನು ಮದುವೆಯ ಮನೆಯಲ್ಲಿ ಕೂತಿರುವುದು ಒಳ್ಳೆಯ ಸೂಚನೆ. ಗುರು ನೀಚನಾಗಿದ್ದರೂ ಅವನ ಒಂಬತ್ತನೇ ದೃಷ್ಟಿ ಮಕರದಿಂದ ನೇರ ಲಗ್ನದ ಮೇಲೆ ಬೀಳುತ್ತದೆ. ಒಟ್ಟಾರೆ ಮದುವೆಯ ಯೋಗ ಈ ಜಾತಕದಲ್ಲಿದೆಯೇ ಎಂದರೆ ಖಂಡಿತ ಇದೆ. ರಾಶಿ ಚಕ್ರದಿಂದ ಪಡೆಯಬೇಕಾದ ಮೊದಲ ಉತ್ತರ ಇದು. ರಾಶಿಯಲ್ಲಿ ಇಲ್ಲದ ಯೋಗವನ್ನು ನವಾಂಶ ಹುಟ್ಟಿಸಿಕೊಡುವುದಿಲ್ಲ. ರಾಶಿ ಕೊಟ್ಟ ಮಾತಿಗೆ ಎಷ್ಟು ಬಲವಿದೆ, ಅದು ಎಲ್ಲಿ ಸಡಿಲಾಗಿದೆ ಎಂಬುದನ್ನು ಅದು ತೋರಿಸುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿ ನವಾಂಶದಿಂದಲೇ ಓದಲು ಹೊರಟರೆ ಎಡವುವುದು ಖಚಿತ.

ಈಗ ಎರಡನೇ ಚೌಕ. ಶುಕ್ರ ಕನ್ಯಾ ನವಾಂಶದಲ್ಲಿ ನೀಚನೆಂದು ಆಗಲೇ ನೋಡಿದೆವು. ಗುರು? ಮಕರದಲ್ಲಿ ಎಣಿಕೆ ಮಕರದಿಂದಲೇ ಶುರು. 20 ಡಿಗ್ರಿಯಿಂದ 23 ಡಿಗ್ರಿ 20 ಕಲೆಯವರೆಗಿನದು ಏಳನೇ ಪಾಲು, ಶ್ರವಣದ ನಾಲ್ಕನೇ ಪಾದ. ಮಕರ, ಕುಂಭ, ಮೀನ, ಮೇಷ, ವೃಷಭ, ಮಿಥುನ, ಕಟಕ. ಗುರು ಬಂದು ನಿಂತದ್ದು ಕಟಕದಲ್ಲಿ, ತನ್ನ ಉಚ್ಚ ರಾಶಿಯಲ್ಲಿ. ರಾಶಿಯಲ್ಲಿ ಉಚ್ಚನಾಗಿದ್ದವನು ನವಾಂಶದಲ್ಲಿ ನೀಚನಾದ, ನೀಚನಾಗಿದ್ದವನು ಉಚ್ಚನಾದ. ಗುರುವಿನ ಪರಮನೀಚ ಬಿಂದು ಮಕರದ 5ನೇ ಡಿಗ್ರಿ. ಅದನ್ನು ಅವನು ಯಾವಾಗಲೋ ದಾಟಿ ಬಂದಿದ್ದಾನೆ. ನವಾಂಶದಲ್ಲಿ ಉಚ್ಚನಾದ ನೀಚ ಗ್ರಹಕ್ಕೆ ನೀಚಭಂಗವಾಯಿತೆಂದು ಎಣಿಸುವ ಜ್ಯೋತಿಷಿಗಳು ಬಹಳ ಮಂದಿ.

ಇವರಿಬ್ಬರಲ್ಲಿ ಯಾರ ಮಾತಿಗೆ ತೂಕ ಹೆಚ್ಚು? ಇದು ಹೆಣ್ಣಿನ ಜಾತಕ. ಹೆಣ್ಣಿನ ಜಾತಕದಲ್ಲಿ ಗುರುವನ್ನು ಪತಿಕಾರಕನೆಂದು ನೋಡುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿದೆ. ಇಲ್ಲಿ ಅವನು ಏಳನೇ ಮನೆಯ ಒಡೆಯನೂ ಹೌದು. ಎರಡು ಅಧಿಕಾರಗಳು ಒಬ್ಬನಲ್ಲೇ ಸೇರಿವೆ, ಅವನಿಗೆ ನವಾಂಶದಲ್ಲಿ ಉಚ್ಚಬಲ ಸಿಕ್ಕಿದೆ. ಹಾಗಾಗಿ ನನ್ನ ಓದು ಹೀಗಿರುತ್ತದೆ: ಮದುವೆ ಆಗುತ್ತದೆ, ನಿಲ್ಲುತ್ತದೆ. ಗುರು ರಾಶಿಯಲ್ಲಿ ನೀಚನಾದ್ದರಿಂದ ಮೊದಮೊದಲು ಅಡ್ಡಿ ಕಾಣಬಹುದು. ಬಂದ ವರನ ಓದು, ಸಂಬಳ, ಮನೆತನದಲ್ಲಿ ಏನೋ ಕಡಿಮೆ ಎನಿಸಬಹುದು. ಆದರೆ ಆ ಮನುಷ್ಯ ಮೇಲುನೋಟಕ್ಕೆ ಕಂಡದ್ದಕ್ಕಿಂತ ಗಟ್ಟಿ, ವರ್ಷ ಕಳೆದಂತೆ ಸಂಸಾರಕ್ಕೆ ಆಸರೆಯಾಗುವವನು. ಶುಕ್ರ ಇದಕ್ಕೆ ತದ್ವಿರುದ್ಧ. ಏಳರಲ್ಲಿ ಉಚ್ಚನಾದ್ದರಿಂದ ಸಂಬಂಧಗಳು ಬೇಗ ಹುಡುಕಿಕೊಂಡು ಬರುತ್ತವೆ, ಮದುವೆ ಚೆನ್ನಾಗಿ ನಡೆಯುತ್ತದೆ, ನೋಡಿದವರು ಮೆಚ್ಚುತ್ತಾರೆ. ದಿನದಿನದ ಒಡನಾಟದ ಸಿಹಿ ಮಾತ್ರ ಅಷ್ಟೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಬೆಡಗು ನೋಡಿ ವರನನ್ನು ಒಪ್ಪಬೇಡಿ, ಗುಣ ನೋಡಿ ಒಪ್ಪಿ ಎಂದು ಇಂಥ ಜಾತಕದವರಿಗೆ ಹೇಳಬೇಕಾಗುತ್ತದೆ. ಇದೇ ಗ್ರಹಗಳು ಗಂಡಿನ ಜಾತಕದಲ್ಲಿದ್ದರೆ ಶುಕ್ರನ ನೀಚತ್ವಕ್ಕೆ ಇನ್ನೂ ಸ್ವಲ್ಪ ಹೆಚ್ಚು ಗಮನ ಕೊಡುತ್ತಿದ್ದೆ, ಏಕೆಂದರೆ ಪತ್ನಿಕಾರಕ ಅವನೇ.

ಶುಕ್ರನ ನೀಚತ್ವವನ್ನೂ ಹಾಗೆಯೇ ಬಿಟ್ಟುಬಿಡುವಂತಿಲ್ಲ. ಕನ್ಯಾ ನವಾಂಶದ ಒಡೆಯ ಬುಧ. ಅವನು ನವಾಂಶದಲ್ಲಿ ಮಿಥುನ ಅಥವಾ ಕನ್ಯೆಯಲ್ಲಿ, ಸ್ವಂತ ಮನೆಯಲ್ಲಿದ್ದರೆ ಶುಕ್ರನಿಗೆ ಆಸರೆ ಸಿಕ್ಕಿತು, ದೋಷ ಬಹಳ ತಗ್ಗುತ್ತದೆ. ಬುಧ ಮೀನ ನವಾಂಶದಲ್ಲಿ ತಾನೇ ನೀಚನಾಗಿದ್ದರೆ ಆ ಆಸರೆ ಇಲ್ಲ. ಗ್ರಹ ಎಲ್ಲಿ ಕೂತಿದೆ ಎಂದು ನೋಡಿದವರು ಆ ಮನೆಯ ಯಜಮಾನ ಹೇಗಿದ್ದಾನೆ ಎಂದೂ ನೋಡಿದರೆ ತೀರ್ಪು ಅರ್ಧದಲ್ಲಿ ನಿಲ್ಲುವುದಿಲ್ಲ.

ಇಷ್ಟು ಹೊತ್ತು ನಾನು ನವಾಂಶ ಲಗ್ನದ ಮಾತೇ ಎತ್ತಲಿಲ್ಲ. ಬೇಕೆಂದೇ ಬಿಟ್ಟೆ. ಹೆಚ್ಚಿನ ಎಡವಟ್ಟುಗಳು ಆಗುವುದು ಅಲ್ಲಿಯೇ.

ಗ್ರಹಗಳಿಗೆ ನವಾಂಶ ಇರುವಂತೆ ಲಗ್ನಕ್ಕೂ ಇದೆ. ನಮ್ಮ ಉದಾಹರಣೆಯ ಲಗ್ನ ಕನ್ಯೆಯಲ್ಲಿ 12 ಡಿಗ್ರಿ 20 ಕಲೆ. ಅದು ನಾಲ್ಕನೇ ಪಾಲು, ಹಸ್ತಾ ಮೊದಲ ಪಾದ, ಮೇಷದ್ದು. ಆದ್ದರಿಂದ ನವಾಂಶ ಲಗ್ನ ಮೇಷ. ಅಲ್ಲಿಂದ ಏಳನೇ ಮನೆ ತುಲಾ, ಅದರ ಒಡೆಯ ಶುಕ್ರ. ಆ ಶುಕ್ರ ನವಾಂಶದಲ್ಲಿ ಕನ್ಯೆಯಲ್ಲಿ, ಅಂದರೆ ಆರನೇ ಮನೆಯಲ್ಲಿ ನೀಚನಾಗಿ ಕೂತಿದ್ದಾನೆ. ಆರು ಎಂದರೆ ರೋಗ, ಋಣ, ಶತ್ರು. ಇಷ್ಟು ಕಂಡದ್ದೇ ತಡ, ‘ನವಾಂಶದಲ್ಲಿ ಸಪ್ತಮಾಧಿಪತಿ ಷಷ್ಠದಲ್ಲಿ ನೀಚ, ಈ ಹುಡುಗಿ ಬೇಡ’ ಎಂದು ತೀರ್ಪು ಕೊಡುವವರಿದ್ದಾರೆ. ಗುರು ನಾಲ್ಕರಲ್ಲಿ, ಕೇಂದ್ರದಲ್ಲಿ ಉಚ್ಚನಾಗಿದ್ದಾನೆ ಎಂಬುದು ಆಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹುಡುಗಿ ನಾಲ್ಕೇ ನಿಮಿಷ ತಡವಾಗಿ ಹುಟ್ಟಿದ್ದರೆ? ಲಗ್ನ ಒಂದು ಡಿಗ್ರಿ ಸರಿಯಲು ಸುಮಾರು ನಾಲ್ಕು ನಿಮಿಷ ಸಾಕು. 13 ಡಿಗ್ರಿ 20 ಕಲೆ ಆಗುತ್ತಿದ್ದಂತೆ ಮೇಷದ ಪಾಲು ಮುಗಿದು ವೃಷಭದ ಪಾಲು ಹಿಡಿಯುತ್ತದೆ. ಆಗ ನವಾಂಶ ಲಗ್ನ ವೃಷಭ. ಏಳನೇ ಮನೆ ವೃಶ್ಚಿಕ, ಅದರ ಒಡೆಯ ಶುಕ್ರನಲ್ಲ, ಕುಜ. ಆರರಲ್ಲಿದ್ದ ಶುಕ್ರ ಐದನೇ ಮನೆಗೆ, ತ್ರಿಕೋಣಕ್ಕೆ ಬಂದ. ನಾಲ್ಕರಲ್ಲಿದ್ದ ಗುರು ಮೂರಕ್ಕೆ ಇಳಿದ. ಸಂಬಂಧ ಮುರಿಯಲು ಕಾರಣವೆಂದು ಹೇಳಿದ್ದ ದೋಷವೇ ಚಕ್ರದಿಂದ ಮಾಯವಾಯಿತು, ಬೇರೆಯದೇ ಓದು ಬಂತು. ದಿನಕ್ಕೆ 108 ನವಾಂಶಗಳು ಉದಯಿಸುತ್ತವೆ. 24 ಗಂಟೆಯನ್ನು ಅಷ್ಟು ಭಾಗ ಮಾಡಿದರೆ ಒಂದೊಂದಕ್ಕೆ ಸರಾಸರಿ 13 ನಿಮಿಷ 20 ಸೆಕೆಂಡ್. ಮಗು ಹುಟ್ಟಿದ ಕ್ಷಣ ಯಾವುದು, ದಾದಿ ಗಡಿಯಾರ ನೋಡಿದ್ದು ಯಾವಾಗ, ಆ ಗಡಿಯಾರ ಎಷ್ಟು ಸರಿಯಿತ್ತು, ಹೊರಗೆ ಕಾದಿದ್ದ ಅಜ್ಜ ಪಂಚಾಂಗದ ಹಿಂಬದಿ ಪುಟದಲ್ಲಿ ಬರೆದುಕೊಂಡ ಹೊತ್ತು ಯಾವುದು, ಇವುಗಳ ನಡುವೆ ಐದು ಹತ್ತು ನಿಮಿಷ ವ್ಯತ್ಯಾಸ ಬರುವುದು ಮಾಮೂಲು. ಬೆಳಿಗ್ಗೆ 6.30, ಮಧ್ಯಾಹ್ನ 12.15 ಎಂಬಂಥ ದುಂಡನೆಯ ಸಮಯ ಕಂಡರೆ ಅದು ಅಂದಾಜಿನದೆಂದೇ ನಾನು ತಿಳಿಯುತ್ತೇನೆ.

ಈ ನಾಲ್ಕು ನಿಮಿಷದಲ್ಲಿ ಗ್ರಹಗಳಿಗೆ ಏನಾಯಿತು? ಏನೂ ಆಗಲಿಲ್ಲ. ಶುಕ್ರ ಕನ್ಯಾ ನವಾಂಶದಲ್ಲೇ ಇದ್ದಾನೆ, ಗುರು ಕಟಕ ನವಾಂಶದಲ್ಲೇ ಇದ್ದಾನೆ. ಎಲ್ಲರಿಗಿಂತ ವೇಗವಾಗಿ ಓಡುವ ಚಂದ್ರನಿಗೂ ಒಂದು ನವಾಂಶ ದಾಟಲು ಆರು ಗಂಟೆಯಷ್ಟು ಬೇಕು. ಶುಕ್ರನಿಗೆ ಸುಮಾರು ಮೂರು ದಿನ. ಗುರುವಿಗೆ ವಾರಗಳೇ ಹಿಡಿಯುತ್ತವೆ, ವಕ್ರಗತಿಯ ಹೊತ್ತಿನಲ್ಲಿ ಇನ್ನೂ ಹೆಚ್ಚು. ಅಂದರೆ ನವಾಂಶ ಚಕ್ರದಲ್ಲಿ ಎರಡು ಬಗೆಯ ಮಾಹಿತಿ ಬೆರೆತಿದೆ. ಯಾವ ಗ್ರಹ ಯಾವ ರಾಶಿಯ ನವಾಂಶದಲ್ಲಿದೆ, ಅಲ್ಲಿ ಅದು ಉಚ್ಚವೋ ನೀಚವೋ ಸ್ವಂತ ಮನೆಯೋ ಎಂಬುದು ಗಟ್ಟಿ ಮಾಹಿತಿ. ಆ ಗ್ರಹ ನವಾಂಶ ಲಗ್ನದಿಂದ ಎಷ್ಟನೇ ಮನೆ ಎಂಬುದು ನಿಮಿಷಗಳ ಮೇಲೆ ನಿಂತ ಮಾಹಿತಿ. ಎರಡನ್ನೂ ಒಂದೇ ತೂಕದಲ್ಲಿ ಹಿಡಿದು ತೀರ್ಪು ಹೇಳುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಶುಕ್ರ, ಗುರು, ಏಳನೇ ಮನೆಯ ಒಡೆಯ, ಈ ಮೂವರು ನವಾಂಶದಲ್ಲಿ ಯಾವ ರಾಶಿಗೆ ಬಂದರೆಂದು ನೋಡಿ ಮದುವೆಯ ಬಲ ಅಳೆಯಬೇಕು. ಜನನ ಸಮಯ ನಿಖರವೆಂದು ಖಾತ್ರಿಯಾದ ಮೇಲಷ್ಟೇ ನವಾಂಶದ ಏಳನೇ ಮನೆಯ ಮಾತು.

ಸಮಯ ಸರಿಯಿದ್ದರೂ ಇನ್ನೊಂದು ತೊಡಕಿದೆ, ಅದು ಅಯನಾಂಶ. ರಾಶಿಚಕ್ರದ ಆರಂಭಬಿಂದುವನ್ನು ಎಲ್ಲಿಂದ ಹಿಡಿಯಬೇಕೆಂಬುದರಲ್ಲಿ ಒಮ್ಮತವಿಲ್ಲ. 1957ರಿಂದ ಹೊರಬರುತ್ತಿರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಚಿತ್ರಾಪಕ್ಷ ಅಯನಾಂಶವನ್ನು ಹಿಡಿದಿದೆ. ಲಾಹಿರಿ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಜಾತಕಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಅದೇ. ನಮ್ಮ ಬೆಂಗಳೂರಿನ ಬಿ.ವಿ. ರಾಮನ್ ಅವರು ಬೇರೆ ಅಯನಾಂಶ ಬಳಸುತ್ತಿದ್ದರು. ಅವರ ಪುಸ್ತಕಗಳನ್ನು ಓದಿ ಕಲಿತವರು ಕರ್ನಾಟಕದಲ್ಲಿ ಈಗಲೂ ಬೇಕಾದಷ್ಟಿದ್ದಾರೆ. ಈ ಎರಡರ ನಡುವೆ ಸುಮಾರು ಒಂದೂವರೆ ಡಿಗ್ರಿಯ ಅಂತರವಿದೆ. ಇಡೀ ನವಾಂಶವೇ 3 ಡಿಗ್ರಿ 20 ಕಲೆ ಇರುವಾಗ ಒಂದೂವರೆ ಡಿಗ್ರಿ ಸಣ್ಣದಲ್ಲ. ನಮ್ಮ ಉದಾಹರಣೆಯನ್ನು ಲಾಹಿರಿ ಲೆಕ್ಕವೆಂದು ಹಿಡಿದು ರಾಮನ್ ಅಯನಾಂಶಕ್ಕೆ ಬದಲಿಸಿದರೆ ಪ್ರತಿ ಅಂಕಿಯೂ ಅಷ್ಟು ಮುಂದೆ ಹೋಗುತ್ತದೆ. ಶುಕ್ರ ಒಂಬತ್ತೂವರೆ ಡಿಗ್ರಿಯ ಹತ್ತಿರ ಬಂದರೂ ಕನ್ಯಾ ನವಾಂಶದ ಒಳಗೇ ಉಳಿಯುತ್ತಾನೆ. ಗುರು ಇಪ್ಪತ್ತೆರಡೂವರೆಯ ಹತ್ತಿರ ಬಂದು ಕಟಕದಲ್ಲೇ ನಿಲ್ಲುತ್ತಾನೆ. ಲಗ್ನ ಮಾತ್ರ ಹದಿಮೂರು ಮುಕ್ಕಾಲು ಡಿಗ್ರಿ ದಾಟಿ ವೃಷಭ ನವಾಂಶಕ್ಕೆ ಹೋಗಿಬಿಡುತ್ತದೆ. ಒಂದೇ ಹುಡುಗಿ, ಒಂದೇ ಜನನ ಸಮಯ. ಒಬ್ಬರು ಶುಕ್ರ ಆರರಲ್ಲಿ ಎನ್ನುತ್ತಾರೆ, ಇನ್ನೊಬ್ಬರು ಐದರಲ್ಲಿ ಎನ್ನುತ್ತಾರೆ. ಇಬ್ಬರೂ ಲೆಕ್ಕ ತಪ್ಪಿಲ್ಲ. ‘ಆ ಜೋಯಿಸರು ಹಾಗೆ, ಈ ಜೋಯಿಸರು ಹೀಗೆ ಹೇಳಿದರು’ ಎಂದು ಗೊಂದಲಕ್ಕೆ ಬೀಳುವವರು ಮೊದಲು ಕೇಳಬೇಕಾದ್ದು ಇಬ್ಬರೂ ಬಳಸಿದ ಅಯನಾಂಶ ಯಾವುದೆಂದು. ಶುಕ್ರ 9 ಡಿಗ್ರಿ 50 ಕಲೆಯಲ್ಲಿ, ಪಾಲಿನ ಅಂಚಿನಲ್ಲೇ ಇದ್ದಿದ್ದರೆ ಅವನ ನವಾಂಶವೂ ಬದಲಾಗಿ ಕನ್ಯೆಯಿಂದ ತುಲಾಕ್ಕೆ, ನೀಚದಿಂದ ಸ್ವಂತ ಮನೆಗೆ ಹೋಗುತ್ತಿದ್ದ. ಅಂಚಿನ ಗ್ರಹದ ಮೇಲೆ ಗಟ್ಟಿ ತೀರ್ಪು ಹೇಳದಿರುವುದೇ ಲೇಸು.

ನವಾಂಶದಲ್ಲಿ ಗ್ರಹಗಳು ‘ಕೂಡುವ’ ವಿಷಯವೂ ಜನರನ್ನು ಹೆದರಿಸುತ್ತದೆ. ಇದೇ ಜಾತಕದಲ್ಲಿ ರಾಹು ವೃಷಭದ 28ನೇ ಡಿಗ್ರಿಯಲ್ಲಿದ್ದಾನೆ ಎಂದುಕೊಳ್ಳಿ. ವೃಷಭದ ಒಂಬತ್ತನೇ ಪಾಲು ಕನ್ಯೆಯದು. ನವಾಂಶ ಚಕ್ರದಲ್ಲಿ ಶುಕ್ರನೂ ರಾಹುವೂ ಒಂದೇ ಮನೆಯಲ್ಲಿ ಕಾಣುತ್ತಾರೆ. ನೀಚ ಶುಕ್ರನ ಜೊತೆ ರಾಹು ಎಂದ ಕೂಡಲೇ ಶಾಂತಿ ಎಲ್ಲಿ ಮಾಡಿಸಬೇಕೆಂಬ ವಿಚಾರಣೆ ಶುರುವಾಗುತ್ತದೆ. ಆಕಾಶದಲ್ಲಿ ನೋಡಿದರೆ ಮೀನದ 8 ಡಿಗ್ರಿಗೂ ವೃಷಭದ 28 ಡಿಗ್ರಿಗೂ ನಡುವೆ 80 ಡಿಗ್ರಿ ದೂರ. ಅವರಿಬ್ಬರು ಕೂಡಿಲ್ಲ, ಒಂದೇ ಹೆಸರಿನ ಪಾಲುಗಳಲ್ಲಿ ಬೇರೆ ಬೇರೆ ಕಡೆ ಇದ್ದಾರೆ. ನವಾಂಶದಲ್ಲಿ ಯುತಿ, ದೃಷ್ಟಿ ನೋಡುವ ಪರಂಪರೆಗಳೂ ಇವೆ, ಬೇಡವೆನ್ನುವವೂ ಇವೆ. ರಾಶಿಯ ಯುತಿಯಷ್ಟೇ ಬಲ ಅದಕ್ಕೆ ಕೊಡಬಾರದೆಂಬುದು ನನ್ನ ನಿಲುವು. ಅಸ್ತಂಗತದ ವಿಷಯವಂತೂ ಪೂರ್ತಿ ರಾಶಿಯದೇ. ಶುಕ್ರ ಸೂರ್ಯನಿಗೆ ತೀರ ಹತ್ತಿರವಿದ್ದು ಮರೆಯಾಗಿದ್ದಾನೆಯೇ ಎಂಬುದನ್ನು ನವಾಂಶ ಚಕ್ರ ತೋರಿಸಲಾರದು. ರಾಶಿ ಚಕ್ರದ ಡಿಗ್ರಿಗಳನ್ನೇ ಹೋಲಿಸಿ ನೋಡಬೇಕು.

ಮದುವೆ ಯಾವಾಗ ಎಂಬ ಪ್ರಶ್ನೆಗೂ ನವಾಂಶದಲ್ಲಿ ನೇರ ಉತ್ತರವಿಲ್ಲ. ಅದು ದಶೆ ಮತ್ತು ಗೋಚಾರದ ಕೆಲಸ. ವಿಂಶೋತ್ತರಿಯಲ್ಲಿ ಶುಕ್ರದಶೆ 20 ವರ್ಷ, ಗುರುದಶೆ 16 ವರ್ಷ. ಬಲ ತಿಳಿದಿದ್ದರೆ ಯಾವ ದಶೆಯಲ್ಲಿ ಸಂಸಾರಕ್ಕೆ ಹೆಚ್ಚು ಜೋಪಾನ ಬೇಕು, ಯಾವುದರಲ್ಲಿ ನೆಮ್ಮದಿ ಎಂದು ಹೇಳಲು ಅನುಕೂಲವಾಗುತ್ತದೆ, ಅಷ್ಟೇ.

ಇವೆಲ್ಲ ಶಾಸ್ತ್ರದ ಒಳಗಿನ ಮಾತು. ಹೊರಗಿನಿಂದ ಪರೀಕ್ಷೆ ಮಾಡಿದವರೂ ಇದ್ದಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಜಾತಕ ನೋಡಿ ಬುದ್ಧಿವಂತ ಮಕ್ಕಳು ಯಾರು, ಬುದ್ಧಿಮಾಂದ್ಯ ಮಕ್ಕಳು ಯಾರು ಎಂದು ಹೇಳುವಂತೆ 27 ಜ್ಯೋತಿಷಿಗಳನ್ನು ಕೇಳಿದ್ದರು. ಸರಿ ಉತ್ತರ ಬಂದದ್ದು ಸರಾಸರಿ ನೂರಕ್ಕೆ 46, ನಾಣ್ಯ ಚಿಮ್ಮಿದರೆ ಬರುವಷ್ಟೇ. ಅದು ಮದುವೆಯ ಪರೀಕ್ಷೆಯಲ್ಲ, ನವಾಂಶದ್ದೂ ಅಲ್ಲ. ಆದರೂ ಜಾತಕ ನೋಡುವ ನಾವು ಅದನ್ನು ಮರೆಯಬಾರದು. ಹುಡುಗ ಕುಡಿಯುತ್ತಾನೆಯೇ, ಸಾಲ ಎಷ್ಟಿದೆ, ಹುಡುಗಿಗೆ ಈ ಮದುವೆಗೆ ಮನಸ್ಸಿದೆಯೇ ಎಂಬುದನ್ನು ಮನೆಗೆ ಹೋಗಿ, ಎದುರು ಕೂತು ವಿಚಾರಿಸಬೇಕು. ಯಾವ ಚೌಕವೂ ಆ ಕೆಲಸ ಮಾಡಿಕೊಡುವುದಿಲ್ಲ.

ಜಾತಕ ತೋರಿಸಲು ಹೋಗುವ ಹೆತ್ತವರಿಗೆ ಕೊನೆಯದಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಆಸ್ಪತ್ರೆಯ ಕಾಗದದಲ್ಲಿರುವ ಜನನ ಸಮಯವನ್ನೇ ಕೊಡಿ, ನೆನಪಿನಿಂದ ಹೇಳಬೇಡಿ. ಲಗ್ನ, ಶುಕ್ರ, ಗುರು ಮತ್ತು ಏಳನೇ ಮನೆಯ ಒಡೆಯನ ಡಿಗ್ರಿ-ಕಲೆಗಳನ್ನೂ ಬಳಸಿದ ಅಯನಾಂಶವನ್ನೂ ಬರೆಸಿಕೊಳ್ಳಿ. ಸಮಯವನ್ನು ಐದು ನಿಮಿಷ ಹಿಂದೆ, ಐದು ನಿಮಿಷ ಮುಂದೆ ಹಾಕಿಸಿ ನವಾಂಶ ಲಗ್ನ ಬದಲಾಗುತ್ತದೆಯೇ ಎಂದು ನೋಡಿಸಿ. ಬದಲಾಗುವುದಾದರೆ ಆ ಲಗ್ನದ ಮಾತಿನ ಮೇಲೆ ಯಾವ ಸಂಬಂಧವನ್ನೂ ಬಿಡಬೇಡಿ.